ಕರಿ ವೃತ್ತ ಸರಿಸಿದರೆ ಗ್ರಹಣವಾಗುತ್ತದೆ, ಬಿದಿಗೆ ಚಂದ್ರ ಆಗುವುದಿಲ್ಲ

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟನೆಯ ತರಗತಿಗಾಗಿ ಚಂದ್ರನ ಕಲೆಗಳ ಬಗ್ಗೆ ಆರು ನಿಮಿಷದ ಅನಿಮೇಷನ್ ಮಾಡಿದ್ದೇವೆ. ಚಿತ್ರದ ಕೆಲಸ ಹುಬ್ಬಳ್ಳಿಯಲ್ಲಿ ವಿಡಿಯೊ ಎಡಿಟಿಂಗ್ ಮಾಡುವ ನನ್ನ ತಮ್ಮನದು, ಧ್ವನಿ ನನ್ನದು. ನಡುವೆ ಭೂಮಿ, ಸುತ್ತ ಕಕ್ಷೆ, ಕಕ್ಷೆಯ ಮೇಲೆ ಎಂಟು ಚಂದ್ರ, ಪಕ್ಕದಲ್ಲಿ ಎಂಟು ಸಣ್ಣ ಚಿತ್ರ. ಮಕ್ಕಳು ಖುಷಿಯಿಂದ ನೋಡಿದರು. ಮುಗಿದ ಮೇಲೆ "ಚಂದ್ರ ಯಾಕ ಸಣ್ಣಾಗತಾನ?" ಅಂತ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು "ಭೂಮಿ ನೆಳ್ಳು ಬೀಳತೈತ್ರಿ" ಅಂದರು! ನಾನು ಎಲ್ಲಿಯೂ ಹಾಗೆ ಹೇಳಿಲ್ಲ. ಒಬ್ಬ ಹುಡುಗ "ಚಿತ್ರದಾಗ ಎರಡೂ ಅರ್ಧ ಚಂದ್ರ ಬಲಕ್ಕ ಬೆಳ್ಳಗ ಅದಾವ, ಬಾಜೂಕ ಒಂದು ಎಡಕ್ಕ ಯಾಕ ತೋರಿಸೀರಿ?" ಎಂದ. ನನಗೇ ಉತ್ತರ ತಡವರಿಸಿತು. ವಿಡಿಯೊ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ? ಪೂರ್ತಿ ಹೊಸದಾಗಿ ಮಾಡಬೇಕೆ?

ಉತ್ತರ: ಅಕ್ಕೋರೆ, ವಿಡಿಯೊ ಎರಡು ಸಲ ನೋಡಿದೆ. ಮೊದಲ ಸಲ ಧ್ವನಿ ಇಟ್ಟುಕೊಂಡು, ಎರಡನೆಯ ಸಲ ಧ್ವನಿ ತೆಗೆದು. ಧ್ವನಿಯಲ್ಲಿ ಭೂಮಿಯ ನೆರಳಿನ ಮಾತೇ ಇಲ್ಲ ಅನ್ನುವುದು ನಿಜ. ಆದರೆ ಧ್ವನಿ ತೆಗೆದು ನೋಡಿದಾಗ ನಿಮ್ಮ ಚಿತ್ರ ಭೂಮಿಯ ನೆರಳನ್ನೇ ಹೇಳುತ್ತಿದೆ. ಮಕ್ಕಳು ಕಿವಿಗಿಂತ ಕಣ್ಣನ್ನು ನಂಬಿದ್ದಾರೆ, ಅಷ್ಟೆ.

ಎರಡನೆಯ ನಿಮಿಷದ ಆಸುಪಾಸಿನಲ್ಲಿ ಹುಣ್ಣಿಮೆ ಚಂದ್ರ ಕರಗುವ ಭಾಗ ನೋಡಿ. ನಿಮ್ಮ ತಮ್ಮ ಒಂದು ಬಿಳಿ ವೃತ್ತ ಇಟ್ಟು, ಅದರ ಮೇಲೆ ಅಷ್ಟೇ ದೊಡ್ಡ ಕರಿ ವೃತ್ತವನ್ನು ಒಂದು ಬದಿಯಿಂದ ಸರಿಸಿಕೊಂಡು ಬಂದಿದ್ದಾರೆ. ಎಡಿಟಿಂಗ್ ಗೊತ್ತಿರುವವರಿಗೆ ಎರಡು ನಿಮಿಷದ ಕೆಲಸ ಅದು. ಅವರನ್ನು ಬೈಯಬೇಡಿ. ಶಾಲೆಗಳಿಗಾಗಿ ನಾನು ಮಾಡಿದ ಮೊದಲ ಚಿತ್ರದಲ್ಲಿ ನಾನೂ ಅದನ್ನೇ ಮಾಡಿದ್ದೆ, ಧಾರವಾಡದ ಒಂದು ಶಾಲೆಯಲ್ಲಿ ತೋರಿಸಿ ಇದೇ ಉತ್ತರ ಕೇಳಿಸಿಕೊಂಡು ಬಂದಿದ್ದೆ. ಒಂದು ದುಂಡನೆಯ ಕರಿ ವಸ್ತು ಬಂದು ಚಂದ್ರನನ್ನು ಮುಚ್ಚುವುದನ್ನು ಕಂಡ ಮಗು ಆ ವಸ್ತು ಯಾವುದು ಎಂದು ಹುಡುಕುತ್ತದೆ. ಪರದೆಯ ಮೇಲೆ ದುಂಡಗೆ ಇರುವ ಇನ್ನೊಂದು ವಸ್ತು ಭೂಮಿ ಮಾತ್ರ. ಮಗುವಿನ ತರ್ಕದಲ್ಲಿ ತಪ್ಪಿಲ್ಲ.

ವೃತ್ತ ಸರಿಸಿದಾಗ ಆಕಾರವೂ ಕೆಡುತ್ತದೆ. ಇದನ್ನು ಸ್ಕೇಲ್ ಹಿಡಿದು ಪರೀಕ್ಷಿಸಬಹುದು. ವಿಡಿಯೊ ನಿಲ್ಲಿಸಿ, ಕುಡಗೋಲಿನಂಥ ಚಂದ್ರನ ಎರಡು ತುದಿಗಳನ್ನು ಒಂದು ಗೆರೆಯಿಂದ ಸೇರಿಸಿ. ನಿಜವಾದ ಚಂದ್ರನಲ್ಲಿ ಆ ಗೆರೆ ಯಾವ ತಿಥಿಯಲ್ಲಾದರೂ ಚಂದ್ರಬಿಂಬದ ನಟ್ಟನಡುವೆಯೇ ಹಾಯುತ್ತದೆ. ನಿಮ್ಮ ಚಿತ್ರದಲ್ಲಿ ತುದಿಗಳು ನಡುವನ್ನು ದಾಟಿ ಆಚೆ ಸುತ್ತಿಕೊಂಡಿವೆ. ಅರ್ಧ ಚಂದ್ರ ಬರಬೇಕಾದಲ್ಲಿ ಗೆರೆ ನೆಟ್ಟಗಾಗಿಲ್ಲ, ಬಾಗಿಯೇ ಇದೆ. ಶುದ್ಧ ದಶಮಿ, ಏಕಾದಶಿಯ ಚಂದ್ರನಂತೂ ಮೂಲೆಯಲ್ಲಿ ಕಚ್ಚಿಟ್ಟ ಜೋಳದ ರೊಟ್ಟಿಯ ಹಾಗೆ ಕಾಣುತ್ತಾನೆ. ಆಕಾಶದಲ್ಲಿ ಏಕಾದಶಿ ಚಂದ್ರನಿಗೆ ಆ ಕಚ್ಚು ಇರುವುದಿಲ್ಲ. ಬೆಳಕಿನ ಅಂಚು ಹೊರಗೆ ಉಬ್ಬಿರುತ್ತದೆ. ರೊಟ್ಟಿ ಕಚ್ಚಿದ ಆಕಾರ ಚಂದ್ರನಿಗೆ ಬರುವುದು ಚಂದ್ರಗ್ರಹಣದಲ್ಲಿ ಮಾತ್ರ. 2025ರ ಸೆಪ್ಟೆಂಬರ್ 7ರ ರಾತ್ರಿ ಮೋಡ ಸರಿದಾಗ ನೋಡಿದವರಿಗೆ ನೆನಪಿರುತ್ತದೆ. ಹತ್ತು ಗಂಟೆ ಸುಮಾರಿಗೆ ಅಂಚು ಕಪ್ಪಾಗಲು ಶುರುವಾಗಿ, ಹನ್ನೊಂದರ ಹೊತ್ತಿಗೆ ಚಂದ್ರ ಪೂರ್ತಿ ಒಳಗೆ ಹೋಗಿದ್ದ. ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹದಿನೈದು ದಿನ ಬೇಕು. ಭೂಮಿಯ ನೆರಳಿಗೆ ಒಂದು ತಾಸು ಸಾಕು. ನೀವು ತೋರಿಸಿದ್ದು ಗ್ರಹಣವನ್ನು, ಅದನ್ನೇ ಹದಿನೈದು ದಿನಕ್ಕೆ ಎಳೆದು.

ಸರಿಯಾದ ಅಂಚು ಬಿಡಿಸುವುದು ಕಷ್ಟವಲ್ಲ. ಚಂದ್ರ ಒಂದು ಗುಂಡು, ಅದರ ಅರ್ಧಕ್ಕೆ ಸದಾ ಬಿಸಿಲು. ಬಿಸಿಲು ಮುಗಿಯುವ ಗೆರೆ ಗುಂಡನ್ನು ಸುತ್ತಿದ ಒಂದು ದೊಡ್ಡ ಬಳೆ ಎಂದುಕೊಳ್ಳಿ. ಬಳೆಯನ್ನು ಎದುರಿಗೆ ಹಿಡಿದರೆ ದುಂಡಗೆ, ಓರೆ ಮಾಡಿದರೆ ಮೊಟ್ಟೆಯಾಕಾರಕ್ಕೆ, ಅಂಚು ನಮ್ಮ ಕಡೆ ತಿರುಗಿದರೆ ನೆಟ್ಟನೆಯ ಗೆರೆಯಾಗಿ ಕಾಣುತ್ತದೆ. ಹಾಗಾಗಿ ಹೊರ ಅಂಚು ಯಾವಾಗಲೂ ಅರ್ಧ ವೃತ್ತ, ಒಳ ಅಂಚು ಅರ್ಧ ದೀರ್ಘವೃತ್ತ. ಆ ದೀರ್ಘವೃತ್ತದ ಎತ್ತರ ಚಂದ್ರನಷ್ಟೇ. ನಡುವಿನಿಂದ ಅದು ಅಡ್ಡಕ್ಕೆ ಎಷ್ಟು ದೂರ ಉಬ್ಬಬೇಕು ಎನ್ನುವುದಕ್ಕೆ ಲೆಕ್ಕ ಒಂದೇ ಸಾಲು:

```
w = R × cos θ
```

`R` ಚಂದ್ರನ ತ್ರಿಜ್ಯ, `θ` ಆಕಾಶದಲ್ಲಿ ಸೂರ್ಯನಿಂದ ಚಂದ್ರ ಇರುವ ಕೋನ. ಈ ಕೋನ ಎಲ್ಲಿಂದ ತರುವುದು ಅಂದರೆ, ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರಿನಿಂದ. ತಿಥಿ ಅಂದರೇ ಅದು. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ, ಮೂವತ್ತು ತಿಥಿಗೆ 360 ಡಿಗ್ರಿ. ಚಂದ್ರನ ಹಂತ ಲೆಕ್ಕ ಹಾಕುವ ಪಟ್ಟಿ ಪ್ರತಿ ಮನೆಯಲ್ಲೂ ಇದೆ, ವಿಜ್ಞಾನದ ತಾಸಿನಲ್ಲಿ ಮಾತ್ರ ನಾವು ಅದನ್ನು ಮರೆಯುತ್ತೇವೆ.

ಒಂದು ಚಂದ್ರನನ್ನು ಮಾಡಿಯೇ ನೋಡೋಣ. ಶುದ್ಧ ಚೌತಿ ಅಂದರೆ 36ರಿಂದ 48 ಡಿಗ್ರಿ, ನಡು 42 ತೆಗೆದುಕೊಳ್ಳಿ. ಚಂದ್ರನ ತ್ರಿಜ್ಯ 100 ಪಿಕ್ಸೆಲ್ ಇಟ್ಟರೆ `cos 42°` ಸುಮಾರು 0.74, ಅಂದರೆ ಒಳ ಅಂಚು ನಡುವಿನಿಂದ ಸೂರ್ಯನ ಕಡೆಗೆ 74 ಪಿಕ್ಸೆಲ್ ಉಬ್ಬಬೇಕು. ಬೆಳಕಿಗೆ ಉಳಿಯುವುದು ನಡುವಿನಲ್ಲಿ 26 ಪಿಕ್ಸೆಲ್ ಅಗಲದ ಕುಡಗೋಲು. ಗಣೇಶ ಚೌತಿಯಂದು ನೋಡಬಾರದು ಎಂದು ನಾವೆಲ್ಲ ಕಳ್ಳಗಣ್ಣಿನಲ್ಲಿ ನೋಡಿದ ಚಂದ್ರ ಅದೇ. ಅಷ್ಟಮಿಯ ನಡುವಿಗೆ ಕೋನ ಸರಿಯಾಗಿ 90, ಉತ್ತರ ಸೊನ್ನೆ, ಗೆರೆ ನೆಟ್ಟಗೆ. ಏಕಾದಶಿಗೆ 126 ಡಿಗ್ರಿ, ಉತ್ತರ ಋಣ ಸಂಖ್ಯೆ, ಸುಮಾರು 59 ಪಿಕ್ಸೆಲ್. ಋಣ ಬಂದರೆ ಸೂರ್ಯನ ವಿರುದ್ಧ ದಿಕ್ಕಿಗೆ ಉಬ್ಬಿಸಿ. ಹೀಗೆ ಮೂವತ್ತು ಚಂದ್ರ ಮಾಡಿಕೊಂಡು ಒಂದರ ಹಿಂದೆ ಒಂದು ಓಡಿಸಿದರೆ ನಿಮ್ಮ ಕರಗುವ ಚಂದ್ರ ಸಿದ್ಧ. ಒಂದೇ ಎಚ್ಚರಿಕೆ: ಕ್ಯಾಲೆಂಡರಿನ ಚೌಕದಲ್ಲಿ ಬರೆದದ್ದು ಸೂರ್ಯೋದಯದ ತಿಥಿ. ಸಂಜೆ ಹೊತ್ತಿಗೆ ಅದು ಮುಗಿದು ಮುಂದಿನದು ಹತ್ತಿರಬಹುದು. ಮಕ್ಕಳು "ಚಿತ್ರಕ್ಕಿಂತ ಇವತ್ತು ದಪ್ಪ ಅದಾನ್ರಿ" ಎಂದರೆ ಅವರ ಮಾತು ಸರಿಯೇ ಇರುತ್ತದೆ.

ಮಾತಿನಲ್ಲೂ ಒಂದು ಪದ ತೆಗೆಯಬೇಕು. "ಚಂದ್ರನ ಒಂದು ಭಾಗ ಬೆಳಕಿನಲ್ಲಿ, ಇನ್ನೊಂದು ಭಾಗ ನೆರಳಿನಲ್ಲಿ ಇರುತ್ತದೆ" ಎಂದು ಓದಿದ್ದೀರಿ. ಪುಸ್ತಕದ ವಾಕ್ಯ, ತಪ್ಪೇನಲ್ಲ. ಆದರೆ ನಮ್ಮ ಭಾಷೆಯಲ್ಲಿ ನೆರಳು ಅಂದರೆ ಯಾರದ್ದೋ ನೆರಳು: ಬೇವಿನ ಮರದ್ದು, ಗೋಡೆಯದ್ದು. ಯಾರದ್ದು ಎಂದು ನೀವು ಹೇಳದಿದ್ದರೆ ಮಗು ತಾನೇ ಒಡೆಯನನ್ನು ಹುಡುಕಿಕೊಳ್ಳುತ್ತದೆ. ನಾನು ಈಗ "ಚಂದ್ರನ ಹಗಲು ಬದಿ, ಚಂದ್ರನ ರಾತ್ರಿ ಬದಿ" ಎನ್ನುತ್ತೇನೆ. ಭೂಮಿಗೆ ಹಗಲು ರಾತ್ರಿ ಇರುವುದು ಆರನೆಯ ತರಗತಿಗೇ ಗೊತ್ತಿದೆ. ಚಂದ್ರನಿಗೂ ಹಾಗೇ ಎಂದರೆ ಇಡೀ ಪಾಠ ಒಂದು ವಾಕ್ಯಕ್ಕೆ ಇಳಿಯುತ್ತದೆ: ಅವನ ಹಗಲು ಬದಿ ಇವತ್ತು ನಮಗೆ ಎಷ್ಟು ಕಾಣುತ್ತದೆ? "ಕಲೆ" ಎಂಬ ಮಾತನ್ನೂ ಒಮ್ಮೆ ಬಿಡಿಸಿ ಹೇಳಿ. ಚಂದ್ರನ ಕಲೆ ಅಂದರೆ ಮೊಲದ ಕಲೆ ಎಂದುಕೊಂಡವರು ಪ್ರತಿ ತರಗತಿಯಲ್ಲೂ ಇಬ್ಬರು ಸಿಗುತ್ತಾರೆ.

ಇನ್ನು ಆ ಹುಡುಗನ ಪ್ರಶ್ನೆ. ನಿಮ್ಮ ಪರದೆಯಲ್ಲಿ ಬಿಸಿಲು ಬಲಗಡೆಯಿಂದ ಬರುತ್ತದೆ, ಹಾಗಾಗಿ ಕಕ್ಷೆಯ ಮೇಲಿನ ಎಂಟೂ ಚಂದ್ರರ ಬಲ ಅರ್ಧ ಬೆಳಗಿದೆ. ಅದು ಸರಿ. ಅದು ಉತ್ತರ ಧ್ರುವದ ಮೇಲೆ ನಿಂತು ಕೆಳಗೆ ನೋಡಿದ ನೋಟ. ಪಕ್ಕದ ಸಣ್ಣ ಚಿತ್ರಗಳು ರೋಣದ ಅಂಗಳದಲ್ಲಿ ನಿಂತು ಮೇಲೆ ನೋಡಿದ ನೋಟ. ಎರಡು ಕಣ್ಣು, ಎರಡು ಜಾಗ. ಈ ಜಿಗಿತವನ್ನು ನೀವು ಎಲ್ಲಿಯೂ ಹೇಳಿಲ್ಲ. ಚಿತ್ರದ ನಡುವಿನ ಭೂಮಿಯ ಮೇಲೆ ಒಬ್ಬ ಹುಡುಗಿಯನ್ನು ನಿಲ್ಲಿಸಿ. ಕಕ್ಷೆಯ ಮೇಲ್ತುದಿಯ ಚಂದ್ರನ ಕಡೆ ಆಕೆ ಮುಖ ಮಾಡಿದಾಗ ಬಿಸಿಲು ಆಕೆಯ ಬಲಗೈ ಕಡೆ. ಕೆಳತುದಿಯ ಚಂದ್ರನನ್ನು ನೋಡಲು ಆಕೆ ಪೂರ್ತಿ ಹಿಂದಕ್ಕೆ ತಿರುಗಬೇಕು. ಬಿಸಿಲು ಅಲ್ಲೇ ಇದೆ, ಆದರೆ ಈಗ ಅದು ಎಡಗೈ ಕಡೆ. ಶುದ್ಧ ಅಷ್ಟಮಿ ಬಲಕ್ಕೆ, ಬಹುಳ ಅಷ್ಟಮಿ ಎಡಕ್ಕೆ ಬೆಳಗುವುದು ಹೀಗೆ. ಹುಡುಗಿ ತಿರುಗುವುದನ್ನು ನಾಲ್ಕು ಸೆಕೆಂಡ್ ನಿಧಾನವಾಗಿ ತೋರಿಸಿ, ಆ ನಾಲ್ಕು ಸೆಕೆಂಡ್ ನೀವು ಏನೂ ಮಾತಾಡಬೇಡಿ. ಅಷ್ಟಾದ ಮೇಲೆ ಎಂಟು ಸಣ್ಣ ಚಿತ್ರಗಳು ಏಕಕಾಲಕ್ಕೆ ಪರದೆಯಲ್ಲಿ ಇರುವ ಅಗತ್ಯವೇ ಇಲ್ಲ, ತೆಗೆದುಬಿಡಿ. ಚಂದ್ರ ಸುತ್ತುವ ದಿಕ್ಕೂ ಗಮನಿಸಿ. ಉತ್ತರದಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧ, ಭೂಮಿ ತಿರುಗುವುದೂ ಹಾಗೇ. ನಿಮ್ಮದರಲ್ಲಿ ಸರಿಯಿದೆ. ನಾನೊಮ್ಮೆ ಚಿತ್ರ ಚೆಂದ ಕಾಣಲಿ ಎಂದು ಎಡಬಲ ತಿರುಗಿಸಿ, ಇಡೀ ತಿಂಗಳನ್ನು ಹಿಂದುಮುಂದು ಓಡಿಸಿಬಿಟ್ಟಿದ್ದೆ.

ಎಡ ಬಲ ಎನ್ನುವಾಗಲೂ ಒಂದು ತೊಡಕಿದೆ. ಪುಸ್ತಕಗಳಲ್ಲಿ ಬಿದಿಗೆ ಚಂದ್ರ ನೆಟ್ಟಗೆ ನಿಂತಿರುತ್ತಾನೆ. ಅದು ಯುರೋಪಿನಂಥ ಉತ್ತರದ ದೇಶಗಳ ಆಕಾಶ. ಗದಗ, ಧಾರವಾಡ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ, ಚಂದ್ರನೂ ಅದೇ ದಾರಿಯಲ್ಲಿ ಅವನ ಮೇಲೆ ಇರುತ್ತಾನೆ. ಯುಗಾದಿಯ ಮರುದಿನ ಸಂಜೆ ಮಾಳಿಗೆ ಹತ್ತಿ ಹುಡುಕುವ ಚಂದ್ರ ಬೆನ್ನು ಕೆಳಗೆ, ತುದಿಗಳು ಮೇಲೆ ಮಾಡಿ ತೊಟ್ಟಿಲಿನ ಹಾಗೆ ಮಲಗಿರುತ್ತಾನೆ. ಗಣೇಶ ಚೌತಿ ಹೊತ್ತಿಗೆ ಅದೇ ತೊಟ್ಟಿಲು ಬಲಗಡೆಗೆ ವಾಲಿರುತ್ತದೆ. ಅಷ್ಟಮಿ ಸಂಜೆ ಚಂದ್ರ ನೆತ್ತಿಯ ಹತ್ತಿರ. ಅಲ್ಲಿ ಎಡ ಯಾವುದು, ಬಲ ಯಾವುದು? ನೀವು ಯಾವ ಕಡೆ ಮುಖ ಮಾಡಿದ್ದೀರಿ ಎನ್ನುವುದರ ಮೇಲೆ ಹೋಯಿತು. ಅದಕ್ಕೆ ನಿರೂಪಣೆಯಲ್ಲಿ ಬಲ ಎಡ ಬಿಟ್ಟು, "ಬೆಳಗಿದ ಬದಿ ಸೂರ್ಯನ ಕಡೆಗೆ" ಎಂದು ಹೇಳಿ. ಆ ಮಾತು ರೋಣದಲ್ಲೂ ನಿಜ, ಲಂಡನ್ನಿನಲ್ಲೂ ನಿಜ. ನಮ್ಮ ಆಕಾಶದಲ್ಲಿ ಯಾವ ಸಂಜೆ ಎಷ್ಟು ವಾಲಿರುತ್ತದೆ ಎಂದು ತಿಳಿಯಲು ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಊರು, ದಿನಾಂಕ ಕೊಟ್ಟು ನೋಡಿಕೊಳ್ಳಬಹುದು.

ಈಗ ಕಕ್ಷೆಯ ಚಿತ್ರ. ನಿಮ್ಮ ಭೂಮಿ ಕಲ್ಲಂಗಡಿಯಷ್ಟಿದೆ, ಚಂದ್ರ ಅದಕ್ಕೆ ಅಂಟಿಕೊಂಡಂತೆ ಸುತ್ತುತ್ತಾನೆ. ಇದನ್ನು ನೋಡಿದ ಯಾರಿಗಾದರೂ ಹುಣ್ಣಿಮೆಯಂದು ಭೂಮಿ ಅಡ್ಡ ಬರುವುದು ಖಂಡಿತ ಅನ್ನಿಸುತ್ತದೆ. ಸಾವಿರ ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕ ಹಾಕಿ. ಭೂಮಿ 12.7 ಸೆಂ.ಮೀ., ಒಂದು ಸುಲಿದ ತೆಂಗಿನಕಾಯಿ. ಚಂದ್ರ 3.5 ಸೆಂ.ಮೀ., ಒಂದು ಲಿಂಬೆಹಣ್ಣು. ಅವುಗಳ ನಡುವಿನ ದೂರ 3.84 ಮೀಟರ್, ನಿಮ್ಮ ವರ್ಗಕೋಣೆಯ ಅರ್ಧಕ್ಕಿಂತ ಹೆಚ್ಚು. ಸೂರ್ಯ ಸುಮಾರು 14 ಮೀಟರಿನ ಗುಂಡಾಗಿ ಒಂದೂವರೆ ಕಿಲೋಮೀಟರ್ ಆಚೆ. ಈ ಅಳತೆಯಲ್ಲಿ ಲಿಂಬೆಹಣ್ಣು ಇರುವ ಜಾಗದಲ್ಲಿ ತೆಂಗಿನಕಾಯಿಯ ದಟ್ಟ ನೆರಳು ಬರೀ 9 ಸೆಂ.ಮೀ. ಅಗಲ. ಚಂದ್ರನ ದಾರಿ ಭೂಮಿಯ ದಾರಿಗಿಂತ ಸುಮಾರು 5 ಡಿಗ್ರಿ ಓರೆ, ಅಂದರೆ ಲಿಂಬೆಹಣ್ಣು ಆ ನೆರಳಿನ ಮಟ್ಟದಿಂದ 34 ಸೆಂ.ಮೀ.ವರೆಗೆ ಮೇಲೆ ಅಥವಾ ಕೆಳಗೆ ಹೋಗುತ್ತದೆ. ಒಂಬತ್ತು ಸೆಂಟಿಮೀಟರಿನ ನೆರಳನ್ನು ಒಂದು ಅಡಿ ಮೇಲಿಂದ ದಾಟಿಹೋಗುವ ಲಿಂಬೆಹಣ್ಣಿಗೆ ಗ್ರಹಣ ಹಿಡಿಯುವುದು ಹೇಗೆ? ಎರಡು ದಾರಿ ಅಡ್ಡಹಾಯುವ ಜಾಗದ ಹತ್ತಿರವೇ ಹುಣ್ಣಿಮೆ ಬಿದ್ದರೆ ಮಾತ್ರ ಹಿಡಿಯುತ್ತದೆ.

ಇದು ಪರದೆಗೂ ಹಿಡಿಸುತ್ತದೆ. `1920 × 1080` ಚೌಕಟ್ಟಿನಲ್ಲಿ ಸಾವಿರ ಕಿಲೋಮೀಟರಿಗೆ ಒಂದು ಪಿಕ್ಸೆಲ್ ಇಟ್ಟರೆ ಇಡೀ ಕಕ್ಷೆ 768 ಪಿಕ್ಸೆಲ್ ಅಗಲವಾಗಿ ಒಳಗೇ ಕೂರುತ್ತದೆ. ಭೂಮಿ 13 ಪಿಕ್ಸೆಲಿನ ಚುಕ್ಕೆ, ಚಂದ್ರ ಮೂರು ನಾಲ್ಕು ಪಿಕ್ಸೆಲಿನ ಕಣ. ಈ ನಿಜದ ಅಳತೆಯ ಚಿತ್ರವನ್ನು ಶುರುವಿನಲ್ಲೇ ಐದಾರು ಸೆಕೆಂಡ್ ತೋರಿಸಿ. ಆಮೇಲೆ "ಕಾಣಲಿ ಅಂತ ಎರಡನ್ನೂ ದೊಡ್ಡದು ಮಾಡ್ತೀವಿ, ದೂರ ಮಾತ್ರ ನೆನಪಿಟ್ಟುಕೊಳ್ಳಿ" ಎಂದು ಹೇಳಿ ದೊಡ್ಡದು ಮಾಡಿ. ಮಕ್ಕಳ ಕಣ್ಣೆದುರೇ ಸುಳ್ಳು ಹೇಳಿದರೆ ಅವರು ಅದನ್ನು ಸುಳ್ಳು ಎಂದೇ ಹಿಡಿದುಕೊಳ್ಳುತ್ತಾರೆ, ತೊಂದರೆಯಿಲ್ಲ.

ಹೊಸದಾಗಿ ಮಾಡಬೇಕೆ ಎಂಬುದಕ್ಕೆ ಬರುತ್ತೇನೆ. ಇದ್ದದ್ದನ್ನೇ ತಿದ್ದಬಹುದು. ಕರಿ ವೃತ್ತದ ಜಾಗದಲ್ಲಿ ದೀರ್ಘವೃತ್ತ, ನೆರಳಿನ ವಾಕ್ಯ ಹೊರಗೆ, ತಿರುಗುವ ಹುಡುಗಿ ಒಳಗೆ. ನಿಮ್ಮ ತಮ್ಮನಿಗೆ ಎರಡು ಮೂರು ದಿನದ ಕೆಲಸ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ. ತಮ್ಮನಿಗೆ ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶ ಗೊತ್ತಿದ್ದರೆ ಇನ್ನೊಂದು ದಾರಿ: ನಿಜವಾದ ಗುಂಡು ಇಟ್ಟು, ಒಂದೇ ದಿಕ್ಕಿನ ಬೆಳಕು ಹಾಕಿ, ಕ್ಯಾಮೆರಾವನ್ನು ಭೂಮಿಯ ಮೇಲೆ ಕೂಡಿಸುವುದು. ಆಗ ಕಲೆಗಳು ತಾವಾಗಿ ಹುಟ್ಟುತ್ತವೆ, ಲೆಕ್ಕವೇ ಬೇಡ. ಆದರೆ ಅಲ್ಲೊಂದು ಗುಂಡಿ ಇದೆ. ಚಂದ್ರನನ್ನು ಹತ್ತಿರಕ್ಕೆ ಎಳೆದಿರುತ್ತೀರಲ್ಲ, ಅಲ್ಲಿ 5 ಡಿಗ್ರಿ ಓರೆ ಸಾಲುವುದಿಲ್ಲ. ಪ್ರತಿ ಹುಣ್ಣಿಮೆಗೂ ಕಂಪ್ಯೂಟರೇ ಭೂಮಿಯ ನೆರಳನ್ನು ಚಂದ್ರನ ಮೇಲೆ ಬೀಳಿಸುತ್ತದೆ. ಹುಣ್ಣಿಮೆ ಚಂದ್ರ ಕಪ್ಪಾಗಿ ಬಂದರೆ ಕಾರಣ ಇದೇ. ಅದನ್ನು ತಪ್ಪಿಸಲು ಕೆಲವರು ಓರೆಯನ್ನು 25, 30 ಡಿಗ್ರಿಗೆ ಏರಿಸುತ್ತಾರೆ. ಆಗ ಮಕ್ಕಳಿಗೆ ಚಂದ್ರ ಆಕಾಶದಲ್ಲಿ ಎಲ್ಲೆಲ್ಲೋ ಅಲೆಯುವಂತೆ ಕಾಣುತ್ತದೆ. ಭೂಮಿ ನೆರಳು ಬೀಳಿಸದಂತೆ ಸೆಟ್ಟಿಂಗಿನಲ್ಲಿ ಆಫ್ ಮಾಡುವುದೇ ಲೇಸು. ಗ್ರಹಣವನ್ನು ಈ ಚಿತ್ರದೊಳಗೆ ತುರುಕಬೇಡಿ, ಅದಕ್ಕೆ ಬೇರೆ ಎರಡು ನಿಮಿಷದ ಚಿತ್ರ ಮಾಡಿ, ಬೇರೆ ದಿನ ತೋರಿಸಿ. ಒಂದೇ ಕೂರಿಕೆಯಲ್ಲಿ ಎರಡನ್ನೂ ತೋರಿಸಿದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಗ್ರಹಣ. ಅದರ ಕಥೆಯೇ ಹೆಚ್ಚು ರೋಚಕ.

ಯಾವ ದಾರಿ ಹಿಡಿದರೂ ವಿಡಿಯೊ ತೋರಿಸುವ ಮುಂಚೆ ಒಂದು ಮಧ್ಯಾಹ್ನ ಬೇಕು. ಮಳೆಗಾಲ ಬಿಟ್ಟು, ದೀಪಾವಳಿ ಆದ ಮೇಲೆ ಯಾವುದಾದರೂ ಶುದ್ಧ ಸಪ್ತಮಿ ಅಥವಾ ಅಷ್ಟಮಿ ಆರಿಸಿಕೊಳ್ಳಿ. ಆ ದಿನ ಚಂದ್ರ ಮಧ್ಯಾಹ್ನದ ಹೊತ್ತಿಗೆ ಹುಟ್ಟಿ, ನಾಲ್ಕು ಗಂಟೆಗೆ ಮೂಡಣದಲ್ಲಿ ಸಾಕಷ್ಟು ಮೇಲೆ ಬಂದಿರುತ್ತಾನೆ. ಸೂರ್ಯ ಪಡುವಣದಲ್ಲಿ. ಮಕ್ಕಳನ್ನು ಮೈದಾನಕ್ಕೆ ಕರೆದು ಸೂರ್ಯನಿಗೆ ಬೆನ್ನು ಓರೆ ಮಾಡಿ ನಿಲ್ಲಿಸಿ, ಸೂರ್ಯನನ್ನು ಯಾರೂ ನೋಡದಂತೆ ಎಚ್ಚರ ಇರಲಿ. ಒಬ್ಬೊಬ್ಬರ ಕೈಗೂ ಒಂದು ಲಿಂಬೆಹಣ್ಣು ಅಥವಾ ಸುಣ್ಣ ಬಳಿದ ಮಣ್ಣಿನ ಉಂಡೆ ಕೊಟ್ಟು, ಕೈ ಚಾಚಿ ಚಂದ್ರನ ಪಕ್ಕಕ್ಕೇ ಹಿಡಿಯಲು ಹೇಳಿ. ಉಂಡೆಯ ಮೇಲೆ ಬಿಸಿಲು ಬಿದ್ದ ಭಾಗ ಮತ್ತು ಚಂದ್ರನ ಬೆಳಗಿದ ಭಾಗ ಒಂದೇ ಆಕಾರದಲ್ಲಿ, ಒಂದೇ ಓರೆಯಲ್ಲಿ ಕಾಣುತ್ತವೆ. ಬಹುಳ ಅಷ್ಟಮಿಯಾದರೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೇ ಇದನ್ನು ಪಡುವಣದ ಚಂದ್ರನ ಜೊತೆ ಮಾಡಬಹುದು.

ಉಂಡೆ ಹಿಡಿದು ನಿಂತಿರುವಾಗಲೇ ಕೇಳಿ: "ನಿನ್ನ ನೆಳ್ಳು ಯಾ ಕಡೆ ಬಿದ್ದೈತಿ?" ಸೂರ್ಯನಿಗೆ ಎದುರು, ನೆಲದ ಮೇಲೆ. "ಭೂಮಿ ನೆಳ್ಳು?" ಅದೂ ಸೂರ್ಯನಿಗೆ ಎದುರೇ, ಮೂಡಣದ ದಿಗಂತದ ಕೆಳಗೆ. "ಹಂಗಾರ ಚಂದ್ರ ಎಲ್ಲದಾನ?" ನಾನು ಕಂಡಂತೆ ಇಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಂದು ದನಿ ಬರುತ್ತದೆ: "ಮ್ಯಾಲ ಅದಾನ್ರಿ, ನೆಳ್ಳು ಅಲ್ಲಿಗೆ ಹೋಗಂಗಿಲ್ರಿ." ಆ ಉತ್ತರ ಬರುವವರೆಗೆ ವಿಡಿಯೊ ಹಚ್ಚಬೇಡಿ.